ಪಂದ್ಯಾಟದ ಪತ್ರ ಮತ್ತು ಅಂಗಡಿಯವರ ಗಲ್ಲಾಪೆಟ್ಟಿಗೆ

ಮಳೆಗಾಲ ಕಳೆದು ಗದ್ದೆಯ ಕೊಯಿಲು ಮುಗಿಯಿತೆಂದರೆ ನಮ್ಮ ಕರಾವಳಿಯ ಹಳ್ಳಿಗಳಲ್ಲಿ ಕ್ರಿಕೆಟ್ ಪಂದ್ಯಾಟಗಳ ಕಾಲ ಆರಂಭವಾಗುತ್ತದೆ. ಶಾಲೆಯ ಮೈದಾನವೋ ಒಣಗಿದ ಬಯಲು ಗದ್ದೆಯೋ ಎರಡು ದಿನಗಳ ಮಟ್ಟಿಗೆ ಕ್ರೀಡಾಂಗಣವಾಗುತ್ತದೆ. ಟೆನಿಸ್ ಚೆಂಡು, ಐದೋ ಆರೋ ಓವರುಗಳ ಆಟ, ಅಕ್ಕಪಕ್ಕದ ಊರುಗಳ ತಂಡಗಳು, ಬೆಳಗಿನಿಂದ ಸಂಜೆಯವರೆಗೆ ಬಿಡುವಿಲ್ಲದ ವೀಕ್ಷಕ ವಿವರಣೆ. ಇವೆಲ್ಲಕ್ಕಿಂತ ಮೊದಲು ಹೊರಡುವುದು ಒಂದು ಪತ್ರ. ಸಂಘಟನಾ ಸಮಿತಿಯ ನಾಲ್ಕೈದು ಮಂದಿ ಯುವಕರು ಅದನ್ನು ಹಿಡಿದು ಪೇಟೆಯ ಅಂಗಡಿಗಳ ಮೆಟ್ಟಿಲು ಹತ್ತುತ್ತಾರೆ. ಅದೇ ಪತ್ರದ ಚಿತ್ರ ಮುಂಬಯಿ, ಪುಣೆಗಳಲ್ಲಿರುವ ನಮ್ಮ ಮೊಬೈಲುಗಳಿಗೂ ಬಂದು ತಲಪುತ್ತದೆ. ಕೆಲವೊಮ್ಮೆ ಪತ್ರ ಹೊರಡುವ ಮೊದಲೇ ಒಂದು ಕೋರಿಕೆಯೂ ಬರುತ್ತದೆ: ‘ನೀವು ಓದಿದವರು, ಕಚೇರಿಯಲ್ಲಿ ಇರುವವರು, ಒಂದು ಚಂದದ ಪತ್ರ ಬರೆದುಕೊಡಿ.’

ಆ ಚಂದದ ಪತ್ರದ ಬಗ್ಗೆಯೇ ನಮ್ಮದೊಂದು ತಕರಾರು ಇದೆ. ಪಂದ್ಯಾಟದ ಬಗ್ಗೆಯಾಗಲಿ, ಯುವಕರ ಉತ್ಸಾಹದ ಬಗ್ಗೆಯಾಗಲಿ ನಮಗೆ ತಕರಾರಿಲ್ಲ. ಈಗ ಚಾಲ್ತಿಯಲ್ಲಿರುವ ಪತ್ರದ ಧಾಟಿ ಅಂಗಡಿಯವರನ್ನು ಇಕ್ಕಟ್ಟಿಗೆ ಸಿಲುಕಿಸುತ್ತದೆ, ಸಮಿತಿಯವರನ್ನು ಲೆಕ್ಕದಿಂದ ಪಾರುಮಾಡುತ್ತದೆ, ಕೊನೆಗೆ ಎರಡು ಮೂರು ವರ್ಷಗಳಲ್ಲಿ ಪಂದ್ಯಾಟವನ್ನೇ ನಿಲ್ಲಿಸುತ್ತದೆ ಎಂಬುದು ನಮ್ಮ ಅಭಿಪ್ರಾಯ. ಅದು ಹೇಗೆ ಎಂಬುದನ್ನೂ ಅದರ ಬದಲಿಗೆ ಎಂಥ ಪತ್ರ ಬರೆಯಬಹುದು ಎಂಬುದನ್ನೂ ಇಲ್ಲಿ ವಿವರವಾಗಿ ನೋಡೋಣ.

ವಾಡಿಕೆಯ ಪತ್ರವನ್ನು ನಮ್ಮ ಓದುಗರಲ್ಲಿ ನೋಡದವರು ಕಡಿಮೆ. ಮೇಲ್ಗಡೆ ದೇವರ ಹೆಸರು, ಅದರ ಕೆಳಗೆ ಸಂಘದ ಹೆಸರು. ‘ಮಾನ್ಯರೇ’ ಎಂಬ ಸಂಬೋಧನೆ. ‘ಈ ಮೂಲಕ ತಮ್ಮಲ್ಲಿ ವಿನಮ್ರವಾಗಿ ಕೇಳಿಕೊಳ್ಳುವುದೇನೆಂದರೆ’ ಎಂದು ಆರಂಭ. ಗ್ರಾಮೀಣ ಪ್ರತಿಭೆಗಳು, ಯುವಜನರ ಸರ್ವಾಂಗೀಣ ಬೆಳವಣಿಗೆ, ಸೌಹಾರ್ದ ಎಂದು ಒಂದು ದೀರ್ಘ ವಾಕ್ಯ. ‘ಸಹೃದಯ ದಾನಿಗಳಾದ ತಾವು ತನು ಮನ ಧನಗಳಿಂದ ಸಹಕರಿಸಬೇಕು’ ಎಂದು ಮುಕ್ತಾಯ. ಕೆಳಗೆ ಅಧ್ಯಕ್ಷ, ಕಾರ್ಯದರ್ಶಿ, ಕೋಶಾಧಿಕಾರಿಗಳ ಸಹಿ. ಇಷ್ಟು ಓದಿದ ಮೇಲೂ ಅಂಗಡಿಯವರಿಗೆ ತಿಳಿಯದೆ ಉಳಿಯುವ ಸಂಗತಿಗಳು ಮೂರು: ಎಷ್ಟು ಹಣ ಬೇಕು, ಅದು ಯಾವುದಕ್ಕೆ ಖರ್ಚಾಗುತ್ತದೆ, ಕೊಟ್ಟವರಿಗೆ ಅದರಿಂದ ಸಿಗುವುದೇನು.

ಈ ಧಾಟಿ ಎಲ್ಲಿಂದ ಬಂತೆಂದು ಹುಡುಕಲು ಬಹಳ ದೂರ ಹೋಗಬೇಕಾಗಿಲ್ಲ. ಇದು ಸರಕಾರಿ ಕಚೇರಿಗೆ ಬರೆಯುವ ಅರ್ಜಿಯ ಧಾಟಿ. ಅರ್ಜಿಯನ್ನು ಓದುವವರು ಅಧಿಕಾರಿಗಳು. ಮಂಜೂರು ಮಾಡುವ, ಮಾಡದಿರುವ ಅಧಿಕಾರ ಅವರದು. ಕೊಡುವ ಹಣ ಅವರ ಸ್ವಂತದ್ದಲ್ಲ. ಅಂಗಡಿಯವರ ಸ್ಥಿತಿ ಇದಕ್ಕೆ ತದ್ವಿರುದ್ಧ. ಹಣ ಅವರ ಸ್ವಂತದ್ದು. ‘ಇಲ್ಲ’ ಎನ್ನುವ ಅಧಿಕಾರ ಮಾತ್ರ ಅವರಿಗಿಲ್ಲ. ಪತ್ರ ಹಿಡಿದು ನಿಂತ ಹುಡುಗರಲ್ಲಿ ಒಬ್ಬ ಪಕ್ಕದ ಮನೆಯವನು. ಇನ್ನೊಬ್ಬನ ತಂದೆಯ ಬಾಕಿ ಅಂಗಡಿಯ ಉದ್ರಿ ಪುಸ್ತಕದಲ್ಲಿದೆ. ಮೂರನೆಯವನ ತಾಯಿ ದಿನವೂ ಸಾಮಾನಿಗೆ ಬರುವವರು. ಅಂಥವರ ಎದುರಿನಲ್ಲಿ ಮೊತ್ತದ ಜಾಗ ಖಾಲಿ ಬಿಟ್ಟ ಪತ್ರವನ್ನೂ ಅದರ ಜೊತೆ ದೇಣಿಗೆಯ ಪಟ್ಟಿಯನ್ನೂ ಮುಂದಿಟ್ಟರೆ ಅಂಗಡಿಯವರು ಪತ್ರ ಓದುವುದಿಲ್ಲ. ಅವರು ಪಟ್ಟಿಯನ್ನು ಓದುತ್ತಾರೆ. ಹಿಂದಿನ ಅಂಗಡಿಯವರು ಎಷ್ಟು ಬರೆದಿದ್ದಾರೆ ಎಂದು ನೋಡಿ, ಅದಕ್ಕಿಂತ ತೀರ ಕಡಿಮೆಯಾಗದ ಹಾಗೆ ಒಂದು ಅಂಕಿ ಬರೆಯುತ್ತಾರೆ. ಇದು ತಿಳಿದೇ ಅನುಭವಿ ಸಮಿತಿಗಳು ಪಟ್ಟಿಯ ಮೊದಲ ಸಾಲಿನಲ್ಲಿ ದೊಡ್ಡ ಕುಳದ ಹೆಸರನ್ನೇ ಬರೆಯಿಸಿಕೊಂಡು ಹೊರಡುತ್ತವೆ.

ಅಂಗಡಿಯ ಕಡೆಯಿಂದ ಇದನ್ನು ಲೆಕ್ಕ ಹಾಕಿ ನೋಡೋಣ. ಜೀನಸಿನ ಅಂಗಡಿಯವರಿಗೆ ನೂರು ರೂಪಾಯಿ ವ್ಯಾಪಾರದಲ್ಲಿ ಹತ್ತು ರೂಪಾಯಿ ಉಳಿಯುತ್ತದೆ ಎಂದು ಇಟ್ಟುಕೊಂಡರೂ, ಪಟ್ಟಿಯಲ್ಲಿ ಬರೆದ ₹1,000 ಎಂದರೆ ₹10,000 ವ್ಯಾಪಾರದ ಲಾಭ. ಪತ್ರಗಳು ಬರುವುದು ಕ್ರಿಕೆಟ್ ಸಮಿತಿಯಿಂದ ಮಾತ್ರವೂ ಅಲ್ಲ. ಗಣೇಶೋತ್ಸವ, ಮೊಸರು ಕುಡಿಕೆ, ಶಾಲೆಯ ವಾರ್ಷಿಕೋತ್ಸವ, ಯಕ್ಷಗಾನ ಬಯಲಾಟ, ದೈವಸ್ಥಾನದ ನೇಮ, ದೇವಸ್ಥಾನದ ಜೀರ್ಣೋದ್ಧಾರ: ಎಲ್ಲ ಪತ್ರಗಳೂ ಅದೇ ಗಲ್ಲಾಪೆಟ್ಟಿಗೆಯ ಮುಂದೆ ಬಂದು ನಿಲ್ಲುತ್ತವೆ. ದೇವರ ಕಾರ್ಯಕ್ಕೆ ಕೊಟ್ಟದ್ದನ್ನು ಅಂಗಡಿಯವರು ಪುಣ್ಯದ ಖಾತೆಗೆ ಬರೆದುಕೊಳ್ಳುತ್ತಾರೆ. ಕ್ರಿಕೆಟಿಗೆ ಕೊಟ್ಟದ್ದನ್ನು ಬರೆದುಕೊಳ್ಳಲು ಅಂಥ ಖಾತೆ ಇಲ್ಲ. ಆದ್ದರಿಂದ ಕ್ರಿಕೆಟಿನ ಪತ್ರ ದಾನವನ್ನು ಕೇಳಬಾರದು, ಪ್ರಾಯೋಜಕತ್ವವನ್ನು ಕೇಳಬೇಕು ಎಂದು ನಮ್ಮ ವಾದ. ದಾನಕ್ಕೆ ಪ್ರತಿಫಲ ಇರಬೇಕಾಗಿಲ್ಲ. ಪ್ರಾಯೋಜಕತ್ವ ಒಂದು ಸಣ್ಣ ವ್ಯಾಪಾರ. ಅದರಲ್ಲಿ ಬೆಲೆ, ಸರಕು, ಅವಧಿ ಎಲ್ಲವೂ ನಿಗದಿಯಾಗಿರುತ್ತವೆ. 1987ರಲ್ಲಿ ಭಾರತ ಮತ್ತು ಪಾಕಿಸ್ತಾನಗಳಲ್ಲಿ ನಡೆದ ವಿಶ್ವಕಪ್ಪನ್ನು ‘ರಿಲಯನ್ಸ್ ಕಪ್’ ಎಂದು ಕರೆದದ್ದು ಯಾರದೋ ದಾನಬುದ್ಧಿಯನ್ನು ಸ್ಮರಿಸಲು ಆಗಿರಲಿಲ್ಲ. ಹಣ ಕೊಟ್ಟ ಸಂಸ್ಥೆ ಹೆಸರನ್ನು ಕೊಂಡಿತ್ತು. ಅಂಗಡಿಯವರಿಗೂ ಅಷ್ಟೇ ಸ್ಪಷ್ಟವಾದ ವ್ಯವಹಾರ ಸಲ್ಲಬೇಕು.

ವ್ಯವಹಾರ ಸ್ಪಷ್ಟವಾಗಬೇಕಾದರೆ ಪತ್ರಕ್ಕಿಂತ ಮೊದಲು ಅಂದಾಜು ಪಟ್ಟಿ ತಯಾರಾಗಬೇಕು. ಉದಾಹರಣೆಗೆ 16 ತಂಡಗಳ ಎರಡು ದಿನಗಳ ಪಂದ್ಯಾಟವನ್ನು ತೆಗೆದುಕೊಳ್ಳೋಣ. ಸೋತ ತಂಡ ಹೊರಗೆ ಹೋಗುವ ಪದ್ಧತಿಯಲ್ಲಿ 16 ತಂಡಗಳಿಗೆ 15 ಪಂದ್ಯಗಳು. ಮೊದಲ ದಿನ ಎಂಟು, ಎರಡನೆಯ ದಿನ ಏಳು. ಖರ್ಚು ಹೀಗಿರಬಹುದು: ಪ್ರಥಮ ಮತ್ತು ದ್ವಿತೀಯ ನಗದು ಬಹುಮಾನ ₹20,000 ಮತ್ತು ₹10,000, ಟ್ರೋಫಿಗಳು ₹8,000, ಶಾಮಿಯಾನ, ಕುರ್ಚಿ ₹6,000, ಧ್ವನಿವರ್ಧಕ ₹6,000, ಅಂಪೈರುಗಳು ಮತ್ತು ಅಂಕ ಬರೆಯುವವರು ₹6,000, ಊಟ, ಕುಡಿಯುವ ನೀರು, ಪ್ರಥಮ ಚಿಕಿತ್ಸೆ ₹5,000, ಅಂಗಣ ಸಮತಟ್ಟು ಮಾಡಿ ಗೆರೆ ಹಾಕಲು ₹4,000, ಚೆಂಡು, ಸ್ಟಂಪುಗಳು ₹3,000, ಮುದ್ರಣ, ಬ್ಯಾನರು ₹2,000. ಒಟ್ಟು ₹70,000. ದರಗಳು ಊರಿಂದ ಊರಿಗೆ ಬೇರೆಯಾದರೂ ಲೆಕ್ಕದ ಸ್ವರೂಪ ಬೇರೆಯಾಗುವುದಿಲ್ಲ.

ಆದಾಯದ ಕಡೆ ತಂಡವೊಂದಕ್ಕೆ ₹1,500 ಪ್ರವೇಶ ಶುಲ್ಕದಂತೆ ₹24,000 ಬರುತ್ತದೆ. ಉಳಿದ ₹46,000 ಅಂಗಡಿಗಳಿಂದ ಬರಬೇಕು. ಈ ಪಟ್ಟಿಯಲ್ಲಿ ಒಂದು ಸಂಗತಿ ಎದ್ದು ಕಾಣುತ್ತದೆ: ನಗದು ಬಹುಮಾನದ ಮೊತ್ತ ಪ್ರವೇಶ ಶುಲ್ಕದ ಒಟ್ಟು ಮೊತ್ತವನ್ನು ಮೀರಿದೆ. ಅಂದರೆ ಅಂಗಡಿಯವರ ಹಣದಲ್ಲಿ ₹6,000 ನೇರವಾಗಿ ಗೆದ್ದ ತಂಡಗಳ ಜೇಬಿಗೆ ಹೋಗುತ್ತದೆ. ದೊಡ್ಡ ಬಹುಮಾನ ಘೋಷಿಸಿದ ಪಂದ್ಯಾಟವನ್ನು ಬಹಳ ಸಲ ಗೆಲ್ಲುವುದು ಹೊರಗಿನ ಪಳಗಿದ ತಂಡ. ಅದರಲ್ಲಿಯೂ ಹಣಕ್ಕಾಗಿ ಆಡಲು ಬಂದ ಒಬ್ಬಿಬ್ಬರು ಇರುತ್ತಾರೆ. ಕಟ್ಟಿಗೆಯ ಡಿಪೋದವರು, ಔಷಧದ ಅಂಗಡಿಯವರು ಕೊಟ್ಟ ಹಣ ಮೂವತ್ತು ಕಿಲೋಮೀಟರು ಆಚೆಯ ಊರಿಗೆ ಹೋಗುತ್ತದೆ. ಊರಿನ ಹುಡುಗರ ತಂಡ ಮೊದಲ ದಿನವೇ ಸೋತು ಚೆಂಡು ಹೆಕ್ಕುವ ಕೆಲಸಕ್ಕೆ ನಿಲ್ಲುತ್ತದೆ. ‘ಗ್ರಾಮೀಣ ಪ್ರತಿಭೆಗಳ ಪ್ರೋತ್ಸಾಹ’ ಎಂದು ಪತ್ರದಲ್ಲಿ ಬರೆದದ್ದಕ್ಕೂ ಹಣ ಹೋದ ದಾರಿಗೂ ಸಂಬಂಧವೇ ಉಳಿಯುವುದಿಲ್ಲ.

ಇದಕ್ಕೆ ನಾವು ಸೂಚಿಸುವ ನಿಯಮ ಸರಳವಾದದ್ದು. ನಗದು ಬಹುಮಾನ ಪ್ರವೇಶ ಶುಲ್ಕದ ಒಳಗೇ ಮುಗಿಯಬೇಕು. ಅಂಗಡಿಯವರ ಹಣ ಊರಿನವರ ಕಣ್ಣಿಗೆ ಕಾಣುವ ವಸ್ತುವಿಗೇ ಹೋಗಬೇಕು. ಮೇಲಿನ ಲೆಕ್ಕದಲ್ಲಿ ಬಹುಮಾನವನ್ನು ₹14,000 ಮತ್ತು ₹8,000 ಎಂದು ಇಳಿಸೋಣ. ಒಟ್ಟು ಖರ್ಚು ₹62,000ಕ್ಕೆ ಬರುತ್ತದೆ. ಪ್ರವೇಶ ಶುಲ್ಕದಲ್ಲಿ ಬಹುಮಾನದ ₹22,000 ಕಳೆದು ₹2,000 ಉಳಿಯುತ್ತದೆ. ಸಮಿತಿಯ ಇಪ್ಪತ್ತು ಸದಸ್ಯರು ತಲಾ ₹200 ಹಾಕಿದರೆ ₹4,000. ಇವೆರಡೂ ಸೇರಿ ಅಂಪೈರುಗಳ ₹6,000 ಸರಿಹೋಗುತ್ತದೆ. ತೀರ್ಪು ಕೊಡುವವರ ಸಂಭಾವನೆ ಯಾವ ಪ್ರಾಯೋಜಕರ ಕೈಯಿಂದಲೂ ಬರದಿರುವುದು ಒಳ್ಳೆಯದು. ಇನ್ನು ಅಂಗಡಿಗಳಿಂದ ಬೇಕಾದದ್ದು ₹34,000 ಮಾತ್ರ. ಅದನ್ನು ಹತ್ತು ಅಂಗಡಿಗಳಿಗೆ ಹೀಗೆ ಹಂಚಬಹುದು: ಶಾಮಿಯಾನ ಒಬ್ಬರಿಗೆ, ಧ್ವನಿವರ್ಧಕ ಇನ್ನೊಬ್ಬರಿಗೆ, ಎರಡು ದೊಡ್ಡ ಟ್ರೋಫಿಗಳು ₹5,000ಕ್ಕೆ ಒಬ್ಬರಿಗೆ, ಉತ್ತಮ ದಾಂಡಿಗ, ಉತ್ತಮ ಎಸೆತಗಾರ, ಸರಣಿಶ್ರೇಷ್ಠ ಎಂಬ ಮೂರು ವೈಯಕ್ತಿಕ ಟ್ರೋಫಿಗಳು ತಲಾ ₹1,000ಕ್ಕೆ ಮೂರು ಸಣ್ಣ ಅಂಗಡಿಗಳಿಗೆ, ಊಟ ನೀರು ಹೋಟೆಲಿನವರಿಗೆ, ಅಂಗಣದ ಕೆಲಸ ಸಿಮೆಂಟು, ಹಾರ್ಡ್‌ವೇರ್ ಅಂಗಡಿಯವರಿಗೆ, ಚೆಂಡು, ಸ್ಟಂಪು ಫ್ಯಾನ್ಸಿ ಅಂಗಡಿಯವರಿಗೆ, ಮುದ್ರಣ ಪೇಟೆಯ ಮುದ್ರಣಾಲಯಕ್ಕೆ.

ಈ ಹಂಚಿಕೆಯ ಒಂದು ಗುಣವೆಂದರೆ ಸಣ್ಣ ಅಂಗಡಿಯವರಿಗೂ ಗೌರವದ ಜಾಗ ಸಿಗುತ್ತದೆ. ದೇಣಿಗೆಯ ಪಟ್ಟಿಯಲ್ಲಿ ₹1,000 ಕೊಟ್ಟ ದರ್ಜಿ ಅಂಗಡಿಯವರು ಇಪ್ಪತ್ತನೆಯ ಸಾಲಿನಲ್ಲಿ ಮುಖ ತಗ್ಗಿಸಿ ನಿಲ್ಲುತ್ತಾರೆ. ಉತ್ತಮ ಎಸೆತಗಾರನ ಟ್ರೋಫಿ ಅವರದೇ ಆದಾಗ ಅಷ್ಟೇ ಹಣಕ್ಕೆ ಅವರು ವೇದಿಕೆ ಹತ್ತಿ ಆ ಟ್ರೋಫಿಯನ್ನು ತಮ್ಮ ಕೈಯಿಂದಲೇ ಕೊಡುತ್ತಾರೆ. ಇನ್ನೊಂದು ಗುಣ, ವಸ್ತುರೂಪದಲ್ಲಿ ಕೊಡುವ ಅವಕಾಶ. ಹೋಟೆಲಿನವರಿಗೆ ₹5,000 ನಗದು ಕೊಡುವುದಕ್ಕಿಂತ ಅಷ್ಟೇ ಬೆಲೆಯ ಊಟ ಕೊಡುವುದು ಹಗುರ. ಅದರ ಅಸಲು ಖರ್ಚು ಅವರಿಗೆ ಅದಕ್ಕಿಂತ ಕಡಿಮೆ.

ಇಷ್ಟು ಸಿದ್ಧವಾದ ಮೇಲೆ ಪತ್ರ ಬರೆಯುವುದು ಕಷ್ಟವಲ್ಲ. ನಮ್ಮ ಮಾದರಿ ಇದು:

‘ಶ್ರೀ ………, ಮಾಲಕರು, ……… ಹಾರ್ಡ್‌ವೇರ್, ಇವರಿಗೆ.

ನಮಸ್ಕಾರ. ನಮ್ಮ ಊರಿನ ಶಾಲಾ ಮೈದಾನದಲ್ಲಿ ಜನವರಿ ……… ಶನಿವಾರ ಮತ್ತು ಭಾನುವಾರ 16 ತಂಡಗಳ ಟೆನಿಸ್ ಚೆಂಡಿನ ಕ್ರಿಕೆಟ್ ಪಂದ್ಯಾಟ ನಡೆಸುತ್ತಿದ್ದೇವೆ. ಒಟ್ಟು ಅಂದಾಜು ಖರ್ಚು ₹62,000. ಇದರಲ್ಲಿ ₹24,000 ತಂಡಗಳ ಪ್ರವೇಶ ಶುಲ್ಕದಿಂದ, ₹4,000 ಸಮಿತಿಯ ಸದಸ್ಯರಿಂದ ಬರುತ್ತದೆ. ಉಳಿದ ₹34,000ಕ್ಕೆ ಹತ್ತು ಪ್ರಾಯೋಜಕರನ್ನು ಕೇಳುತ್ತಿದ್ದೇವೆ. ಅಂದಾಜು ಪಟ್ಟಿ ಇದರ ಹಿಂಬದಿಯಲ್ಲಿದೆ.

ತಾವು ಅಂಗಣದ ಕೆಲಸದ ಪ್ರಾಯೋಜಕರಾಗಬೇಕೆಂದು ನಮ್ಮ ಅಪೇಕ್ಷೆ. ಮೊತ್ತ ₹4,000. ಅಷ್ಟೇ ಬೆಲೆಯ ಸಾಮಗ್ರಿಯನ್ನೂ ಕೊಡಬಹುದು. ಪ್ರತಿಯಾಗಿ ತಮ್ಮ ಅಂಗಡಿಯ ಹೆಸರಿನ 6 ಅಡಿ ಉದ್ದ 3 ಅಡಿ ಎತ್ತರದ ಒಂದು ಬ್ಯಾನರನ್ನು ಅಂಕ ಫಲಕದ ಪಕ್ಕದಲ್ಲಿ ಎರಡೂ ದಿನ ಕಟ್ಟುತ್ತೇವೆ. ಪ್ರತಿ ಪಂದ್ಯದ ಆರಂಭದಲ್ಲಿ ಒಮ್ಮೆ ಹೆಸರು ಹೇಳುತ್ತೇವೆ. ಹಾರ್ಡ್‌ವೇರ್ ವ್ಯಾಪಾರದ ಬೇರೆ ಅಂಗಡಿಯನ್ನು ಈ ವರ್ಷ ಪ್ರಾಯೋಜಕರನ್ನಾಗಿ ತೆಗೆದುಕೊಳ್ಳುವುದಿಲ್ಲ.

ಹಣವನ್ನು ಸಂಘದ ಬ್ಯಾಂಕ್ ಖಾತೆಗೇ ಹಾಕಬೇಕು. ಕ್ರಮಸಂಖ್ಯೆ ಇರುವ ರಶೀದಿ ಕೊಡುತ್ತೇವೆ. ಮಳೆಯಿಂದಲೋ ಬೇರೆ ಕಾರಣದಿಂದಲೋ ಪಂದ್ಯಾಟ ನಡೆಯದಿದ್ದರೆ ಖರ್ಚಾಗದ ಹಣವನ್ನು 15 ದಿನಗಳಲ್ಲಿ ಹಿಂದಿರುಗಿಸುತ್ತೇವೆ. ಪಂದ್ಯಾಟ ಮುಗಿದ 15 ದಿನಗಳಲ್ಲಿ ಆದಾಯ ಮತ್ತು ಖರ್ಚಿನ ಲೆಕ್ಕ ತಮ್ಮ ಕೈಸೇರುತ್ತದೆ.

ಮುಂದಿನ ಭಾನುವಾರದೊಳಗೆ ಕೆಳಗಿನ ಸಂಖ್ಯೆಗೆ ತಿಳಿಸಿದರೆ ಸಾಕು. ಈ ವರ್ಷ ಅನುಕೂಲವಿಲ್ಲದಿದ್ದರೆ ಹಾಗೆಂದೇ ತಿಳಿಸಬಹುದು. ಪಂದ್ಯಾಟಕ್ಕೆ ತಾವು ಬರಲೇಬೇಕು.’

ಇದು ಒಂದು ಪುಟವನ್ನು ಮೀರುವುದಿಲ್ಲ. ಇದರಲ್ಲಿ ಒಂದೆರಡು ಮಾತುಗಳನ್ನು ವಿವರಿಸಬೇಕು. ‘ಮುಂದಿನ ಭಾನುವಾರದೊಳಗೆ ತಿಳಿಸಿ’ ಎಂಬ ವಾಕ್ಯ ಅಂಗಡಿಯವರ ಮುಖವನ್ನು ಉಳಿಸುವ ವಾಕ್ಯ. ಪತ್ರ ಕೊಟ್ಟವರು ಕೌಂಟರಿನ ಮುಂದೆ ಉತ್ತರಕ್ಕಾಗಿ ನಿಲ್ಲದೆ ಹೊರಟುಬಿಡಬೇಕು. ಗಿರಾಕಿಗಳ ಎದುರಿನಲ್ಲಿ ಯಾರೂ ‘ಇಲ್ಲ’ ಎನ್ನಲಾರರು, ಹಾಗೆ ಹೇಳಲಾಗದೆ ಕೊಟ್ಟವರು ಮುಂದಿನ ವರ್ಷ ಹುಡುಗರನ್ನು ದೂರದಲ್ಲಿ ಕಂಡೊಡನೆ ಒಳಗಿನ ಕೋಣೆಗೆ ಸರಿಯುತ್ತಾರೆ. ವಾರದ ಗಡುವು ಕೊಡಬೇಕಾದರೆ ಪತ್ರ ಪಂದ್ಯಾಟಕ್ಕೆ ನಾಲ್ಕು ವಾರಗಳ ಮೊದಲೇ ಹೊರಡಬೇಕು. ಆಗ ಒಬ್ಬರು ಒಲ್ಲೆ ಎಂದರೆ ಅದೇ ವಸ್ತುವಿಗೆ ಇನ್ನೊಬ್ಬರನ್ನು ಕೇಳಲು ಸಮಯವಿರುತ್ತದೆ.

‘ಬೇರೆ ಹಾರ್ಡ್‌ವೇರ್ ಅಂಗಡಿಯನ್ನು ತೆಗೆದುಕೊಳ್ಳುವುದಿಲ್ಲ’ ಎಂಬ ಮಾತು ಬರೆಯಲು ಸುಲಭ, ನಡೆಸಲು ಕಷ್ಟ. ಸಮಿತಿಯ ಎರಡು ಗುಂಪುಗಳು ಎರಡು ದಿಕ್ಕಿಗೆ ಹೋಗಿ ಎದುರುಬದುರಿನ ಎರಡು ಔಷಧದ ಅಂಗಡಿಗಳಿಗೂ ‘ಮುಖ್ಯ ಪ್ರಾಯೋಜಕರು ನೀವೇ’ ಎಂದು ಹೇಳಿ ಬರುವುದು ಸಾಮಾನ್ಯ. ಬ್ಯಾನರುಗಳು ಕಟ್ಟಿದ ದಿನ ಜಗಳ ಶುರುವಾಗುತ್ತದೆ. ಇದನ್ನು ತಪ್ಪಿಸಲು ಹತ್ತು ವಸ್ತುಗಳ ಒಂದೇ ಪಟ್ಟಿ ಒಬ್ಬರೇ ಸದಸ್ಯರ ಕೈಯಲ್ಲಿರಬೇಕು; ಅವರಿಗೆ ತಿಳಿಸದೆ ಯಾರಿಗೂ ಯಾವ ಮಾತನ್ನೂ ಕೊಡಬಾರದು.

ಪತ್ರದಲ್ಲಿ ಬರೆಯಬಾರದ ಮಾತುಗಳೂ ಇವೆ. ‘ತೆರಿಗೆ ವಿನಾಯಿತಿ ಸಿಗುತ್ತದೆ’ ಎಂಬುದು ಅವುಗಳಲ್ಲಿ ಮೊದಲನೆಯದು. 80ಜಿ ಎಂದು ಎಲ್ಲರೂ ಕರೆಯುವ ವಿನಾಯಿತಿ ಅದಕ್ಕೆಂದು ಆದಾಯ ತೆರಿಗೆ ಇಲಾಖೆಯ ಮಾನ್ಯತೆ ಪಡೆದ ಸಂಸ್ಥೆಗಳಿಗೆ ಕೊಟ್ಟ ದಾನಕ್ಕೆ ಮಾತ್ರ. ಊರಿನ ಯುವಕ ಸಂಘಕ್ಕೆ ಸಾಮಾನ್ಯವಾಗಿ ಆ ಮಾನ್ಯತೆ ಇರುವುದಿಲ್ಲ. ಜಾಹೀರಾತಿನ ಖರ್ಚೆಂದು ತೋರಿಸಬಹುದಲ್ಲವೇ ಎಂದು ಕೇಳಬಹುದು. ತೋರಿಸಬಹುದು, ಆದರೆ ಹೆಚ್ಚಿನ ಸಣ್ಣ ಅಂಗಡಿಯವರು ವ್ಯಾಪಾರದ ಮೊತ್ತದ ಇಷ್ಟು ಭಾಗವೇ ಲಾಭ ಎಂದು ಲೆಕ್ಕ ಹಿಡಿಯುವ ಸರಳ ಪದ್ಧತಿಯಲ್ಲಿ ತೆರಿಗೆ ಕಟ್ಟುವವರು. ಅಲ್ಲಿ ಇಂಥ ಖರ್ಚನ್ನು ಪ್ರತ್ಯೇಕವಾಗಿ ಕಳೆಯಲು ಅವಕಾಶವಿಲ್ಲ. ರಶೀದಿ ಅಂಗಡಿಯವರ ವಿಶ್ವಾಸಕ್ಕೆ ಬೇಕು. ಅದನ್ನು ತೆರಿಗೆಯ ಆಮಿಷವಾಗಿ ಬಳಸಬಾರದು.

ಇನ್ನೊಂದು ಎಚ್ಚರಿಕೆ ಬ್ಯಾನರಿನದು. ‘ನಮ್ಮ ಹೆಸರು ಬೇಡ, ಕಂಪೆನಿಯವರು ಕೊಟ್ಟ ಬ್ಯಾನರಿದೆ, ಅದನ್ನೇ ಕಟ್ಟಿ’ ಎಂದು ಬೀಡಿ ಸಿಗರೇಟಿನ ಅಂಗಡಿಯವರು ಹೇಳುವುದುಂಟು. ತಂಬಾಕು ಉತ್ಪನ್ನಗಳ ಜಾಹೀರಾತನ್ನೂ ಅವುಗಳ ಪ್ರಚಾರಕ್ಕಾಗಿ ಪ್ರಾಯೋಜಕತ್ವ ವಹಿಸುವುದನ್ನೂ 2003ರ ತಂಬಾಕು ನಿಯಂತ್ರಣ ಕಾಯ್ದೆ ನಿಷೇಧಿಸಿದೆ. ಶಾಲಾ ಮೈದಾನದಲ್ಲಿ ಅದು ಇನ್ನಷ್ಟು ಅಸಂಗತ. ಹಾಗೆಯೇ ಹೊನಲು ಬೆಳಕಿನ ಪಂದ್ಯಾಟವಾದರೆ ‘ರಾತ್ರಿಯಿಡೀ ನಿಮ್ಮ ಹೆಸರು ಮೊಳಗುತ್ತದೆ’ ಎಂದು ಆಸೆ ತೋರಿಸಬಾರದು. ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕಲು ಶಬ್ದ ಮಾಲಿನ್ಯದ ನಿಯಮಗಳು ಸಾಮಾನ್ಯವಾಗಿ ಬಿಡುವುದಿಲ್ಲ. ಪೊಲೀಸರು ಹತ್ತಕ್ಕೆ ಬಂದು ನಿಲ್ಲಿಸಿದರೆ ಕೊಟ್ಟ ಮಾತು ಅಲ್ಲಿಗೇ ಮುರಿಯುತ್ತದೆ.

ಇಲ್ಲಿ ಎರಡು ಆಕ್ಷೇಪಗಳು ಬರುತ್ತವೆ. ಒಂದು: ಮೊತ್ತವನ್ನು ನಿಗದಿಪಡಿಸಿದರೆ ಹೆಚ್ಚು ಕೊಡುವವರು ಕೂಡ ಅಷ್ಟಕ್ಕೇ ನಿಲ್ಲುತ್ತಾರೆ. ನಿಜ, ಒಬ್ಬಿಬ್ಬರು ನಿಲ್ಲಬಹುದು. ಆದರೆ ಪಂದ್ಯಾಟ ಈ ವರ್ಷಕ್ಕೆ ಮಾತ್ರವಲ್ಲವಲ್ಲ. ಒಮ್ಮೆ ₹10,000 ಕೊಟ್ಟು ಮುಂದಿನ ವರ್ಷ ಮುಖ ತಪ್ಪಿಸುವವರಿಗಿಂತ ಐದು ವರ್ಷ ತಪ್ಪದೆ ₹4,000 ಕೊಡುವವರು ಸಮಿತಿಗೆ ದೊಡ್ಡ ಆಸರೆ. ಎರಡನೆಯದು: ಹಳ್ಳಿಯಲ್ಲಿ ಎಲ್ಲವೂ ವಿಶ್ವಾಸದ ಮೇಲೆ ನಡೆಯುತ್ತದೆ, ಲೆಕ್ಕಪತ್ರ ಎಂದು ಹೊರಟರೆ ಅದು ಕಚೇರಿಯ ದರಬಾರಾಗುತ್ತದೆ. ಇದನ್ನು ಒಪ್ಪಲು ನಮಗೆ ಸಾಧ್ಯವಿಲ್ಲ. ಮದುವೆಯ ಚಪ್ಪರದಲ್ಲಿ ಮುಯ್ಯಿಯ ಪುಸ್ತಕ ಹಿಡಿದು ಒಬ್ಬರು ಕೂರುತ್ತಿದ್ದುದು ಕಚೇರಿಯಿಂದ ಕಲಿತ ಪದ್ಧತಿಯಲ್ಲ. ಯಾರು ಎಷ್ಟು ಕೊಟ್ಟರು ಎಂಬುದನ್ನು ಬರೆದಿಟ್ಟು ಅವರ ಮನೆಯ ಮದುವೆಯಲ್ಲಿ ಅದನ್ನು ನೆನಪಿನಿಂದ ತೀರಿಸುವುದೇ ಅಲ್ಲಿಯ ಮರ್ಯಾದೆಯಾಗಿತ್ತು. ವಿಶ್ವಾಸ ಇದ್ದಲ್ಲಿಯೇ ನಮ್ಮ ಹಿರಿಯರು ಬರೆದಿಡುತ್ತಿದ್ದರು.

ಊರಿನ ಹೊರಗಿರುವ ನಮ್ಮ ಪಾತ್ರವನ್ನೂ ಇಲ್ಲಿ ಹೇಳಬೇಕು. ಮುಂಬಯಿಯ ಹೋಟೆಲು ಮಾಲಕರೊಬ್ಬರು ಊರಿನ ಅಭಿಮಾನದಿಂದ ಪ್ರಥಮ ಬಹುಮಾನಕ್ಕೆಂದು ₹25,000 ಘೋಷಿಸಿದರೆ ಅದು ಔದಾರ್ಯವೇ ಸರಿ. ಆದರೆ ಅದರ ಪರಿಣಾಮ ಊರಿನ ಅಂಗಡಿಯವರ ಮೇಲೆ ಬೀಳುತ್ತದೆ. ಬಹುಮಾನ ದೊಡ್ಡದಾದಂತೆ ಪಂದ್ಯಾಟ ದೊಡ್ಡದಾಗಬೇಕು, ಶಾಮಿಯಾನ ದೊಡ್ಡದಾಗಬೇಕು, ದ್ವಿತೀಯ ಬಹುಮಾನವೂ ಅದಕ್ಕೆ ತಕ್ಕಂತೆ ಇರಬೇಕು. ಅವರ ₹25,000ದ ಪಕ್ಕದಲ್ಲಿ ಊರಿನ ಅಂಗಡಿಯವರ ₹1,000 ಜಿಪುಣತನದಂತೆ ಕಾಣುತ್ತದೆ. ಮರುವರ್ಷ ಮುಂಬಯಿಯ ಹಣ ಬಾರದಿದ್ದರೆ ಬಹುಮಾನವನ್ನು ಇಳಿಸಲು ಸಮಿತಿಗೆ ಸಂಕೋಚ. ಹೊರೆ ಪೇಟೆಯ ಅಂಗಡಿಗಳ ಮೇಲೆ. ಹೊರನಾಡಿನಲ್ಲಿರುವವರು ಕೊಡುವುದಾದರೆ ಒಂದು ಸಲ ಕೊಟ್ಟರೆ ಹಲವು ವರ್ಷ ಉಳಿಯುವಂಥದ್ದನ್ನು ಕೊಡುವುದು ಮೇಲು: ಪಿಚ್ಚಿನ ಚಾಪೆ, ಒಳ್ಳೆಯ ಸ್ಟಂಪುಗಳು, ಅಂಕ ಫಲಕ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ. ಆಗ ಅಂದಾಜು ಪಟ್ಟಿಯೇ ಕಿರಿದಾಗಿ ಅಂಗಡಿಯವರ ಪಾಲು ಪ್ರತಿ ವರ್ಷ ಇಳಿಯುತ್ತದೆ. ಪತ್ರ ಬರೆದುಕೊಡಿ ಎಂದು ಕೇಳಿದವರಿಗೂ ನಾವು ಮೊದಲು ಕೇಳಬೇಕಾದ ಪ್ರಶ್ನೆ ‘ಅಂದಾಜು ಪಟ್ಟಿ ಎಲ್ಲಿ?’ ಎಂಬುದೇ. ಪಟ್ಟಿ ಇಲ್ಲದೆ ಬರೆದುಕೊಟ್ಟ ಪತ್ರ ಎಷ್ಟು ಚಂದವಾಗಿದ್ದರೂ ಖಾಲಿ ಜಾಗದ ಪತ್ರವೇ.

ಕೊನೆಯದಾಗಿ ಎರಡನೆಯ ಪತ್ರದ ವಿಚಾರ. ಕೇಂದ್ರ ಸರಕಾರದ ಕಚೇರಿಗಳಲ್ಲಿ ದುಡಿಯುವ ನಮಗೆ ‘ವಿನಿಯೋಗ ಪ್ರಮಾಣಪತ್ರ’ ಎಂಬ ಕಾಗದ ಚೆನ್ನಾಗಿ ಪರಿಚಿತ. ಒಂದು ಕಾರ್ಯಕ್ಕೆಂದು ಅನುದಾನ ಪಡೆದ ಸಂಸ್ಥೆ ಆ ಹಣ ಅದೇ ಕಾರ್ಯಕ್ಕೆ ಖರ್ಚಾಯಿತೆಂದು ಹಣಕಾಸು ವರ್ಷ ಮುಗಿದ ಹನ್ನೆರಡು ತಿಂಗಳೊಳಗೆ ಲಿಖಿತವಾಗಿ ತಿಳಿಸಬೇಕೆಂದು 2017ರ ಸಾಮಾನ್ಯ ಹಣಕಾಸು ನಿಯಮಗಳು ಹೇಳುತ್ತವೆ. ಹಿಂದಿನ ಲೆಕ್ಕ ಬಾರದೆ ಮುಂದಿನ ಕಂತು ಸಾಮಾನ್ಯವಾಗಿ ಹೊರಡುವುದಿಲ್ಲ. ಕ್ರಿಕೆಟ್ ಸಮಿತಿಗೆ ಇಷ್ಟು ಬಿಗಿ ಬೇಡ. ಹದಿನೈದು ದಿನಗಳಲ್ಲಿ ಒಂದು ಪುಟ ಸಾಕು, ಅದನ್ನು ಹತ್ತು ಅಂಗಡಿಗಳಿಗೆ ಕೈಯಾರೆ ಕೊಟ್ಟರೆ ಸಾಕು.

ಆ ಪುಟ ನಿಜವಾದ ಲೆಕ್ಕವೋ ಮೇಜಿನ ಮೇಲೆ ಕೂಡಿಸಿದ ಲೆಕ್ಕವೋ ಎಂದು ತಿಳಿಯುವುದು ಸುಲಭ. ಪ್ರತಿಯೊಂದು ಖರ್ಚೂ ಅಂದಾಜಿಗೆ ಸರಿಯಾಗಿ ಕೂತಿದ್ದರೆ ಅದು ಮೇಜಿನ ಲೆಕ್ಕ. ಆಟ ನಡೆದ ಲೆಕ್ಕದಲ್ಲಿ ಏರುಪೇರು ಇದ್ದೇ ಇರುತ್ತದೆ. ನಮ್ಮ ಉದಾಹರಣೆಯಲ್ಲಿ 16ರ ಬದಲು 14 ತಂಡಗಳು ಬಂದವು ಎಂದುಕೊಳ್ಳೋಣ. ಪಂದ್ಯಗಳು 13ಕ್ಕೆ ಇಳಿಯುತ್ತವೆ. ಪ್ರವೇಶ ಶುಲ್ಕ ₹21,000 ಮಾತ್ರ. ಬಹುಮಾನಕ್ಕೇ ₹1,000 ಸಾಲದು, ಅಂಪೈರುಗಳಿಗೆಂದು ಇಟ್ಟ ₹2,000 ಇಲ್ಲ. ಒಟ್ಟು ಕೊರತೆ ₹3,000. ಸಮಿತಿಯವರು ಲೆಕ್ಕದ ಪುಟದಲ್ಲಿ ಹೀಗೆ ಬರೆಯಬೇಕು: ‘ಎರಡು ತಂಡಗಳು ಬರಲಿಲ್ಲ. ₹3,000 ಕೊರತೆಯಾಯಿತು. ಇಪ್ಪತ್ತು ಸದಸ್ಯರು ತಲಾ ₹150 ಹಾಕಿ ತುಂಬಿದ್ದೇವೆ. ಮುಂದಿನ ವರ್ಷ ಪ್ರವೇಶ ಶುಲ್ಕವನ್ನು ಒಂದು ವಾರ ಮೊದಲೇ ಪಡೆಯುತ್ತೇವೆ. ನಾಲ್ಕು ಹೊಸ ಚೆಂಡುಗಳು ಉಳಿದಿವೆ; ಶಾಲೆಗೆ ಕೊಟ್ಟಿದ್ದೇವೆ.’

ಹಾರ್ಡ್‌ವೇರ್ ಅಂಗಡಿಯವರು ಈ ಪುಟವನ್ನು ಓದಿ ಮಡಚಿ ಉದ್ರಿ ಪುಸ್ತಕದ ಒಳಗೆ ಇಟ್ಟುಕೊಳ್ಳುತ್ತಾರೆ. ಮುಂದಿನ ಡಿಸೆಂಬರಿನಲ್ಲಿ ಹುಡುಗರು ಮೆಟ್ಟಿಲು ಹತ್ತಿದಾಗ ಅವರು ಮೊದಲು ಕೇಳುವುದು ‘ಈ ಸಲ ತಂಡಗಳು ಎಷ್ಟು?’ ಎಂದು.